ಶೇಕಡಾ ಹಾಕಿದ ಮೇಲೆ ಉಳಿಯುವ ಕೆಲಸ

ದ್ವಿತೀಯ ಪಿಯುಸಿಯ ಲೆಕ್ಕಶಾಸ್ತ್ರ ಪ್ರಾಜೆಕ್ಟ್‌ಗಳಲ್ಲಿ ಪ್ರತಿ ವರ್ಷವೂ ಒಂದು ವಾಕ್ಯ ತಪ್ಪದೆ ಬರುತ್ತದೆ: "ಮೇಲಿನ ಕಾಮನ್ ಸೈಜ್ ತಖ್ತೆಯಿಂದ ಒಂದನೇ ಕಂಪನಿಯ ಸ್ಥಿತಿ ಎರಡನೆಯದಕ್ಕಿಂತ ತೃಪ್ತಿಕರವಾಗಿದೆ ಎಂದು ತಿಳಿದುಬರುತ್ತದೆ." ಅದರ ಮೇಲಿರುವ ಲೆಕ್ಕವೆಲ್ಲ ಸರಿಯಾಗಿರುತ್ತದೆ, ದಶಮಾಂಶ ಕೂಡ ತಪ್ಪಿರುವುದಿಲ್ಲ. ಆದರೂ ಆ ವಾಕ್ಯಕ್ಕೆ ಅಂಕ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಕಾರಣವನ್ನು ಬರಿಯ ಮಾತಿನಲ್ಲಿ ಹೇಳುವುದಕ್ಕಿಂತ ಬೆಂಗಳೂರಿನದೇ ಎರಡು ಕಂಪನಿಗಳನ್ನು ಇಟ್ಟುಕೊಂಡು ನೋಡೋಣ.

ಒಂದು ಇನ್ಫೋಸಿಸ್. ಇನ್ನೊಂದು 1999ರಲ್ಲಿ ಶುರುವಾದ ಮೈಂಡ್‌ಟ್ರೀ. ಎರಡೂ ಮಾಡುವ ಕೆಲಸ ಒಂದೇ ಬಗೆಯದು, ಸಾಫ್ಟ್‌ವೇರ್ ಸೇವೆ. ಗಾತ್ರ ಮಾತ್ರ ಆನೆ ಮತ್ತು ಆಡು. 2019-20ರಲ್ಲಿ ಇನ್ಫೋಸಿಸ್‌ನ ಕಾರ್ಯಾಚರಣೆಯ ಆದಾಯ 90,791 ಕೋಟಿ ರೂಪಾಯಿ, ಮೈಂಡ್‌ಟ್ರೀಯದು 7,764 ಕೋಟಿ. ಹೆಚ್ಚುಕಡಿಮೆ ಹನ್ನೆರಡು ಪಟ್ಟು. ನಿವ್ವಳ ಲಾಭ ಇನ್ಫೋಸಿಸ್‌ಗೆ 16,594 ಕೋಟಿ, ಮೈಂಡ್‌ಟ್ರೀಗೆ 631 ಕೋಟಿ. ಈ ರೂಪಾಯಿಗಳನ್ನು ಪಕ್ಕಪಕ್ಕ ಬರೆದರೆ ಒಂದು ದೊಡ್ಡದು, ಒಂದು ಚಿಕ್ಕದು ಎನ್ನುವುದರ ಆಚೆ ಏನೂ ತಿಳಿಯುವುದಿಲ್ಲ.

ಇಲ್ಲಿ ಕಾಮನ್ ಸೈಜ್ ತಖ್ತೆ ಕೆಲಸಕ್ಕೆ ಬರುತ್ತದೆ. ಪ್ರತಿ ಕಂಪನಿಯ ಆದಾಯವನ್ನು 100 ಎಂದು ಹಿಡಿದು, ಪ್ರತಿ ಬಾಬ್ತನ್ನೂ ಅದೇ ಕಂಪನಿಯ ಆದಾಯದಿಂದ ಭಾಗಿಸುತ್ತೇವೆ. ಆಗ ಇನ್ಫೋಸಿಸ್ 100 ರೂಪಾಯಿಗೆ 18.3 ರೂಪಾಯಿ ಲಾಭ ಉಳಿಸಿಕೊಂಡಿದೆ, ಮೈಂಡ್‌ಟ್ರೀ 8.1 ರೂಪಾಯಿ. ಯಾಕೆ ಇಷ್ಟು ಅಂತರ ಎಂದು ಮೇಲಿನ ಸಾಲುಗಳನ್ನು ನೋಡಿದರೆ, ನೌಕರರ ವೆಚ್ಚ ಇನ್ಫೋಸಿಸ್‌ನಲ್ಲಿ ಶೇ. 56, ಮೈಂಡ್‌ಟ್ರೀಯಲ್ಲಿ ಶೇ. 65. ಒಂಬತ್ತು ರೂಪಾಯಿಯ ವ್ಯತ್ಯಾಸ ಇಲ್ಲೇ ಸಿಕ್ಕಿತಲ್ಲ! ಬಹಳಷ್ಟು ಪ್ರಾಜೆಕ್ಟ್‌ಗಳು ಇಲ್ಲಿಗೇ ನಿಂತು, "ಮೈಂಡ್‌ಟ್ರೀ ತನ್ನ ನೌಕರರ ವೆಚ್ಚವನ್ನು ನಿಯಂತ್ರಿಸಬೇಕು" ಎಂಬ ಸಲಹೆಯನ್ನೂ ಕೊಟ್ಟುಬಿಡುತ್ತವೆ.

ನನ್ನ ತಕರಾರು ಇರುವುದು ಇಲ್ಲೇ. ಇನ್ಫೋಸಿಸ್‌ನ ಲಾಭ-ನಷ್ಟ ತಖ್ತೆಯಲ್ಲಿ ನೌಕರರ ವೆಚ್ಚದ ಕೆಳಗೆ ಇನ್ನೊಂದು ಸಾಲಿದೆ: ತಾಂತ್ರಿಕ ಉಪಗುತ್ತಿಗೆದಾರರ ವೆಚ್ಚ. ಅಂದರೆ ಕಂಪನಿಯ ಸಂಬಳದ ಪಟ್ಟಿಯಲ್ಲಿ ಇಲ್ಲದ, ಆದರೆ ಅದೇ ಕೆಲಸವನ್ನು ಮಾಡುವ ಹೊರಗಿನವರಿಗೆ ಕೊಟ್ಟ ಹಣ. 2019-20ರಲ್ಲಿ ಅದು 6,714 ಕೋಟಿ, ಆದಾಯದ ಶೇ. 7.4. ಎರಡನ್ನೂ ಕೂಡಿಸಿದರೆ ಜನರ ಮೇಲಿನ ವೆಚ್ಚ ಶೇ. 56 ಅಲ್ಲ, ಶೇ. 63.4. ಹಾಗಾದರೆ ಮೈಂಡ್‌ಟ್ರೀಯ ಶೇ. 65ಕ್ಕೂ ಇದಕ್ಕೂ ಅಂತರವೇ ಇಲ್ಲ ಎಂದು ಕೂಡಲೇ ತೀರ್ಮಾನಿಸಬೇಡಿ. ಮೈಂಡ್‌ಟ್ರೀಗೂ ಉಪಗುತ್ತಿಗೆದಾರರಿದ್ದರು. ಅವರ ವೆಚ್ಚ ತಖ್ತೆಯ ಮುಖದ ಮೇಲೆ ಕಾಣದೆ, 'ಇತರ ವೆಚ್ಚಗಳು' ಎಂಬ ಸಾಲಿನೊಳಗೆ, ಅದರ ಟಿಪ್ಪಣಿಯಲ್ಲಿ ಇತ್ತು. ಒಂದು ಕಡೆ ಮಾತ್ರ ಕೂಡಿಸಿದರೆ ಹಳೆಯ ತಪ್ಪಿನ ಜಾಗಕ್ಕೆ ಹೊಸ ತಪ್ಪು ಬಂದಂತಾಗುತ್ತದೆ. ಎರಡೂ ಕಂಪನಿಗಳ ಟಿಪ್ಪಣಿ ತೆರೆದು, ಒಂದೇ ಬಗೆಯ ವೆಚ್ಚವನ್ನು ಒಂದೇ ಸಾಲಿಗೆ ತಂದ ಮೇಲೆ ಶೇಕಡಾ ಹಾಕಬೇಕು. ಕಾಮನ್ ಸೈಜ್ ತಖ್ತೆ ಗಾತ್ರವನ್ನು ಸಮ ಮಾಡುತ್ತದೆ. ಯಾವ ಖರ್ಚು ಯಾವ ಹೆಸರಿನ ಕೆಳಗಿದೆ ಎಂಬುದನ್ನು ಅದು ಸಮ ಮಾಡುವುದಿಲ್ಲ.

ಒಂದೇ ಕಂಪನಿಯೊಳಗೂ ಈ ಮೋಸ ನಡೆಯುತ್ತದೆ. 2021-22ರಲ್ಲಿ ಇನ್ಫೋಸಿಸ್‌ನ ಆದಾಯ 1,21,641 ಕೋಟಿಗೆ ಏರಿತು, ನೌಕರರ ವೆಚ್ಚ ಶೇ. 52.6ಕ್ಕೆ ಇಳಿಯಿತು. ಎರಡು ವರ್ಷದಲ್ಲಿ ಮೂರೂವರೆ ರೂಪಾಯಿ ಉಳಿತಾಯ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಅದೇ ಅವಧಿಯಲ್ಲಿ ಉಪಗುತ್ತಿಗೆದಾರರ ವೆಚ್ಚ 12,606 ಕೋಟಿಯಾಯಿತು, ಶೇ. 10.4. ಕೂಡಿಸಿ ನೋಡಿ: ಶೇ. 63. ಮೊದಲು 63.4 ಇತ್ತು. ಖರ್ಚು ಕಡಿಮೆಯಾಗಲಿಲ್ಲ, ಒಂದು ಸಾಲಿನಿಂದ ಪಕ್ಕದ ಸಾಲಿಗೆ ಸರಿಯಿತು, ಅಷ್ಟೇ.

ಈಗ ಟ್ರೆಂಡ್ ವಿಶ್ಲೇಷಣೆಗೆ ಬರೋಣ. ಪಠ್ಯಪುಸ್ತಕದ ಸಾಧನಗಳ ಪಟ್ಟಿಯಲ್ಲಿ ಇದರ ಹೆಸರಿದ್ದರೂ ನಾವು ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವಿಧಾನ ಸರಳ. ಒಂದು ವರ್ಷವನ್ನು ಆಧಾರ ವರ್ಷವಾಗಿ ಆರಿಸಿ ಆ ವರ್ಷದ ಮೊತ್ತವನ್ನು 100 ಮಾಡುತ್ತೇವೆ, ಮುಂದಿನ ವರ್ಷಗಳನ್ನು ಅದಕ್ಕೆ ಹೋಲಿಸುತ್ತೇವೆ. 2019-20 ಆಧಾರವಾದರೆ, 2021-22ರಲ್ಲಿ ಇನ್ಫೋಸಿಸ್‌ನ ಆದಾಯ 134, ಮೈಂಡ್‌ಟ್ರೀಯದು 136. ಆನೆಯೂ ಆಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ನಡೆದಿವೆ. ಲಾಭ ಮಾತ್ರ ಬೇರೆಯೇ ಕಥೆ ಹೇಳುತ್ತದೆ. ಇನ್ಫೋಸಿಸ್ 22,110 ಕೋಟಿ ಗಳಿಸಿತು, ಸೂಚಿ 133. ಮೈಂಡ್‌ಟ್ರೀ 1,653 ಕೋಟಿ ಗಳಿಸಿತು: 1,653 ÷ 631 × 100, ಸೂಚಿ 262.

133 ಮತ್ತು 262. ಗ್ರಾಫ್ ಬರೆದರೆ ಒಂದು ಗೆರೆ ನೆಲದ ಮೇಲೆ, ಇನ್ನೊಂದು ಆಕಾಶದಲ್ಲಿ. ಷೇರು ಮಾರುವವರಿಗೆ ಇಂತಹ ಚಿತ್ರ ಬಹಳ ಪ್ರಿಯ.

ಆದರೆ 2019-20 ಮೈಂಡ್‌ಟ್ರೀಗೆ ಎಂತಹ ವರ್ಷ? ಎಲ್ ಆಂಡ್ ಟಿ ಕಂಪನಿ ಸಂಸ್ಥಾಪಕರ ವಿರೋಧದ ನಡುವೆಯೇ ಮೈಂಡ್‌ಟ್ರೀಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡ ವರ್ಷ ಅದು. 2019ರ ಮಧ್ಯದಲ್ಲಿ ಸಂಸ್ಥಾಪಕರು ಆಡಳಿತದಿಂದ ಹೊರನಡೆದರು. ಆ ವರ್ಷ ಆದಾಯ ಹೆಚ್ಚಾದರೂ ಲಾಭ ಹಿಂದಿನ ವರ್ಷದ 754 ಕೋಟಿಯಿಂದ 631 ಕೋಟಿಗೆ ಕುಸಿದಿತ್ತು. ಅಂದರೆ ನಾವು ಹಳ್ಳದಲ್ಲಿ ನಿಂತು ಎತ್ತರ ಅಳೆದಿದ್ದೇವೆ. ಆಧಾರ ವರ್ಷವನ್ನು ಒಂದು ಹೆಜ್ಜೆ ಹಿಂದಕ್ಕೆ, 2018-19ಕ್ಕೆ ಸರಿಸಿದರೆ ಮೈಂಡ್‌ಟ್ರೀಯ 262 ಇಳಿದು 219 ಆಗುತ್ತದೆ. ಇನ್ಫೋಸಿಸ್‌ನ ಸೂಚಿ 133ರಿಂದ 144ಕ್ಕೆ ಏರುತ್ತದೆ. ಕಂಪನಿಗಳು ಬದಲಾಗಲಿಲ್ಲ, 2021-22ರ ಲಾಭವೂ ಬದಲಾಗಲಿಲ್ಲ. ಆದರೂ ಇಬ್ಬರ ನಡುವಿನ ಅಂತರ 129ರಿಂದ 75ಕ್ಕೆ ಇಳಿಯಿತು.

ಆಧಾರ ವರ್ಷ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ಇದಕ್ಕೆ ಕಾಮನ್ ಸೈಜ್ ತಖ್ತೆಯೇ ಸಾಕ್ಷಿ ಹೇಳುತ್ತದೆ. ಮೈಂಡ್‌ಟ್ರೀಯ ಲಾಭದ ಶೇಕಡಾವನ್ನು ಐದು ವರ್ಷಕ್ಕೆ ಸಾಲಾಗಿ ಬರೆಯಿರಿ: 10.4, 10.7, 8.1, 13.9, 15.7. ಮಧ್ಯದ ಸಂಖ್ಯೆ ತಗ್ಗಿನಲ್ಲಿ ಕೂತಿರುವುದು ಕಣ್ಣಿಗೇ ಕಾಣುತ್ತದೆ. ಅಂತಹ ವರ್ಷ ಆಧಾರಕ್ಕೆ ಬೇಡ. ಕೋವಿಡ್ ತುಂಬಿದ್ದ 2020-21 ಕೂಡ ಬೇಡ. ಆ ವರ್ಷ ಇನ್ಫೋಸಿಸ್‌ನ ಪ್ರಯಾಣ ವೆಚ್ಚ 2,710 ಕೋಟಿಯಿಂದ 554 ಕೋಟಿಗೆ ಬಿದ್ದಿತ್ತು. ವಿಮಾನಗಳೇ ಹಾರದಿದ್ದ ವರ್ಷವನ್ನು 100 ಎಂದು ಕರೆದರೆ ಮುಂದಿನ ವರ್ಷದ ಸಾಮಾನ್ಯ ಪ್ರಯಾಣವೂ ದುಂದುವೆಚ್ಚದಂತೆ ಕಾಣುತ್ತದೆ.

ಆ 262ರೊಳಗೆ ಇನ್ನೊಂದು ಸಂಗತಿ ಅಡಗಿದೆ. ಲಾಭದ ಸೂಚಿ ಎಂದರೆ ಆದಾಯ ಎಷ್ಟು ಪಟ್ಟು ಆಯಿತು ಮತ್ತು 100 ರೂಪಾಯಿಗೆ ಉಳಿಯುವ ಲಾಭ ಎಷ್ಟು ಪಟ್ಟು ಆಯಿತು ಎಂಬುದರ ಗುಣಾಕಾರ. ಮೈಂಡ್‌ಟ್ರೀಯ ಆದಾಯ 1.36 ಪಟ್ಟು, ಉಳಿಯುವ ಲಾಭ 8.1ರಿಂದ 15.7ಕ್ಕೆ, ಅಂದರೆ 1.93 ಪಟ್ಟು. ಗುಣಿಸಿದರೆ 2.62. ಇನ್ಫೋಸಿಸ್‌ನಲ್ಲಿ ಎರಡನೆಯ ಅಂಶ 18.3ರಿಂದ 18.2, ಅಂದರೆ ಇದ್ದಲ್ಲೇ ಇದೆ. ಮೈಂಡ್‌ಟ್ರೀಯ ಆ 1.93 ಪಟ್ಟು ನಿಜವಾದ ಸುಧಾರಣೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಮತ್ತೆ ಮತ್ತೆ ಆಗುವಂಥದ್ದಲ್ಲ. 8ರಿಂದ 16ಕ್ಕೆ ಹೋಗಬಹುದು, 16ರಿಂದ 32ಕ್ಕೆ ಹೋಗುವ ಸಾಫ್ಟ್‌ವೇರ್ ಸೇವಾ ಕಂಪನಿಯನ್ನು ತೋರಿಸುವುದು ಕಷ್ಟ. ಇಷ್ಟೆಲ್ಲ ಏರಿದ ಮೇಲೂ ಮೈಂಡ್‌ಟ್ರೀ 15.7ರಲ್ಲಿ, ಇನ್ಫೋಸಿಸ್ 18.2ರಲ್ಲಿ. ಹಾಗಾಗಿ 'ಯಾವುದು ಉತ್ತಮ' ಎಂಬ ಪ್ರಶ್ನೆಗೆ ಎರಡು ಸಾಧನಗಳು ಎರಡು ಉತ್ತರ ಕೊಡುತ್ತವೆ. ಮಟ್ಟದಲ್ಲಿ ದೊಡ್ಡದು ಮುಂದೆ, ವೇಗದಲ್ಲಿ ಚಿಕ್ಕದು ಮುಂದೆ. ಪ್ರಾಜೆಕ್ಟ್‌ನಲ್ಲಿ ಬರೆಯಬೇಕಾದದ್ದು ಇದನ್ನು.

ನಮ್ಮ ವಿದ್ಯಾರ್ಥಿಗಳು ಆಗಾಗ ಕೇಳುವ ಪ್ರಶ್ನೆಯೊಂದು ಇಲ್ಲಿಗೆ ಹೊಂದುತ್ತದೆ: ಈ ಕಂಪನಿಯ ಷೇರು ಹಲಾಲೇ? ಅದನ್ನು ಹೇಳಬೇಕಾದವರು ಆಲಿಮರು, ನಾನಲ್ಲ. ಆದರೆ ಷರಿಯಾ ಸೂಚ್ಯಂಕಗಳು ಬಳಸುವ ಹಣಕಾಸಿನ ಜರಡಿ ಕಾಮನ್ ಸೈಜ್ ಲೆಕ್ಕವೇ ಆಗಿದೆ. ನಿಷಿದ್ಧ ಮೂಲದ ಆದಾಯ ಒಟ್ಟು ಆದಾಯದ ಶೇ. 5ನ್ನು ಮೀರಬಾರದು ಎಂಬುದು ಪ್ರಚಲಿತ ಮಿತಿ. ಸಾಲಕ್ಕೆ ಸುಮಾರು ಮೂರನೇ ಒಂದು ಭಾಗದ ಮಿತಿ. ಮೂರನೇ ಒಂದು ಭಾಗ ಯಾವುದರಲ್ಲಿ? ಕೆಲವು ಸೂಚ್ಯಂಕಗಳು ಒಟ್ಟು ಆಸ್ತಿಯನ್ನು ಛೇದವಾಗಿ ಹಿಡಿದರೆ, ಕೆಲವು ಷೇರುಗಳ ಮಾರುಕಟ್ಟೆ ಮೌಲ್ಯವನ್ನು ಹಿಡಿಯುತ್ತವೆ. ಮಾರುಕಟ್ಟೆ ಕುಸಿದಾಗ, ಒಂದು ರೂಪಾಯಿ ಹೊಸ ಸಾಲ ಮಾಡದ ಕಂಪನಿಯೂ ಎರಡನೆಯ ಜರಡಿಯಲ್ಲಿ ಅನುತ್ತೀರ್ಣವಾಗಬಹುದು. 100 ಎಂದು ಯಾವುದನ್ನು ಕರೆದಿದ್ದಾರೆ ಎಂದು ಕೇಳದೆ ಶೇಕಡಾವನ್ನು ನಂಬುವವರಿಗೆ ಇದು ತಿಳಿಯುವುದೇ ಇಲ್ಲ.

ಗಾತ್ರವನ್ನು ಅಳಿಸಿದಾಗ ಕಳೆದುಹೋಗುವುದೂ ಒಂದಿದೆ. ಮೈಂಡ್‌ಟ್ರೀಯ ಆದಾಯದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಒಬ್ಬನೇ ಗ್ರಾಹಕನಿಂದ ಬರುತ್ತಿತ್ತು. ಇನ್ಫೋಸಿಸ್‌ಗೆ ಹತ್ತನೇ ಒಂದು ಭಾಗ ಕೊಡುವ ಗ್ರಾಹಕನೂ ಇರಲಿಲ್ಲ. ಆ ಒಬ್ಬ ಗ್ರಾಹಕ ಮುನಿಸಿಕೊಂಡರೆ ಏನಾಗಬಹುದು ಎಂಬುದು ಕಾಮನ್ ಸೈಜ್ ತಖ್ತೆಯ ಯಾವ ಸಾಲಿನಲ್ಲೂ ಇಲ್ಲ. ಹಾಗೆಯೇ, ಈ ಎರಡು ವರ್ಷಗಳಲ್ಲಿ ಇನ್ಫೋಸಿಸ್ ಹೊಸದಾಗಿ ಸೇರಿಸಿಕೊಂಡ ಆದಾಯವೇ 30,850 ಕೋಟಿ. ಅದು 2019-20ರ ಮೈಂಡ್‌ಟ್ರೀಯಂತಹ ನಾಲ್ಕು ಕಂಪನಿಗಳಿಗೆ ಸಮ. 134 ಮತ್ತು 136 ಎಂಬ ಸೂಚಿಗಳು ಇದನ್ನು ಹೇಳುವುದಿಲ್ಲ. ಆದ್ದರಿಂದ ರೂಪಾಯಿಯ ಕಾಲಂ ಅನ್ನು ಅಳಿಸದೆ ಶೇಕಡಾದ ಪಕ್ಕದಲ್ಲೇ ಉಳಿಸಿಕೊಳ್ಳುವುದು ಒಳ್ಳೆಯದು.

ಪ್ರಾಜೆಕ್ಟ್‌ಗಳ ಬಗ್ಗೆ ನನ್ನ ಸಲಹೆ ಇಷ್ಟು. ಶೇಕಡಾ ಲೆಕ್ಕಕ್ಕೆ ಅರ್ಧ ಅಂಕ ಸಾಕು. ಉಳಿದ ಅರ್ಧವನ್ನು ಮೂರು ವಾಕ್ಯಗಳಿಗೆ ಮೀಸಲಿಡೋಣ: ಯಾವ ಸಾಲುಗಳನ್ನು ಟಿಪ್ಪಣಿ ನೋಡಿ ಮರುಜೋಡಿಸಿದೆ, ಆಧಾರ ವರ್ಷವನ್ನು ಯಾಕೆ ಆರಿಸಿದೆ, ಇನ್ನೊಂದು ಆಧಾರ ವರ್ಷ ಹಿಡಿದರೆ ಉತ್ತರ ಎಷ್ಟು ಬದಲಾಗುತ್ತದೆ. ಇದೇ ಜೋಡಿಯನ್ನು ಆರಿಸಿಕೊಳ್ಳುವವರು ಒಂದು ಎಚ್ಚರ ವಹಿಸಬೇಕು. 2022ರ ನವೆಂಬರ್‌ನಲ್ಲಿ ಮೈಂಡ್‌ಟ್ರೀ, ಎಲ್ ಆಂಡ್ ಟಿ ಇನ್ಫೋಟೆಕ್ ಜೊತೆ ವಿಲೀನವಾಗಿ ಎಲ್‌ಟಿಐಮೈಂಡ್‌ಟ್ರೀ ಆಯಿತು. ಆಮೇಲಿನ ಆದಾಯವನ್ನು ಹಳೆಯ 100ರ ಮುಂದೆ ಬರೆದರೆ ಸೂಚಿ ಒಂದೇ ವರ್ಷದಲ್ಲಿ ಹಲವು ಪಟ್ಟು ಜಿಗಿಯುತ್ತದೆ. ಅದು ಬೆಳವಣಿಗೆಯಲ್ಲ, ಎರಡು ಕಂಪನಿಗಳ ಲೆಕ್ಕ ಒಂದೇ ಪುಸ್ತಕಕ್ಕೆ ಬಂದದ್ದು. ನಿಮ್ಮ ಟ್ರೆಂಡ್ ತಖ್ತೆಯನ್ನು 2021-22ಕ್ಕೇ ನಿಲ್ಲಿಸಿ, ನಿಲ್ಲಿಸಿದ ಕಾರಣವನ್ನು ಅದರ ಕೆಳಗೆ ಬರೆಯಿರಿ.