"ನೋವು ಬರ್ಲಿ ತಡೀರಿ" ಅನ್ನೋ ದೊಡ್ಡವರ ಮೇಲೆ ನನ್ನದೊಂದು ತಕರಾರು

ನಮ್ಮ ಶಾಂತಿಗ್ರಾಮದ ಕಡೆ ಹೆರಿಗೆಗೆ ಹೊರಡೋ ವಿಷಯದಲ್ಲಿ ಒಂದೇ ಒಂದು ಕಾನೂನು. ನೋವು ಬಂದ್ರೆ ಹೊರಡು, ಬರ್ದಿದ್ರೆ ಮನೇಲಿರು. ಹೊಳೆನರಸೀಪುರಕ್ಕೆ ಹೋಗಿ ಕೇಳಿ, ಅರಕಲಗೂಡಿಗೆ ಹೋಗಿ ಕೇಳಿ, ಚನ್ನರಾಯಪಟ್ಟಣದಲ್ಲಿ ಕೇಳಿ, ಮನೆಯ ಹಿರಿಯರು ಇದನ್ನೇ ಹೇಳ್ತಾರೆ. ಈ ಕಾನೂನು ಅರ್ಧ ಸರಿ, ಇನ್ನರ್ಧ ಅಪಾಯ. ಯಾವ ಅರ್ಧ ಯಾವುದು ಅಂತ ಗೊತ್ತಿಲ್ಲದೇ ಇರೋದೇ ನನ್ನ ತಕರಾರು.

ಹೆರಿಗೆ ಹತ್ತಿರ ಬಂದಾಗ ಬಸುರಿಗೆ ಕೆಳಗಿನಿಂದ ಎರಡು ಬೇರೆ ಬೇರೆ ವಸ್ತು ಹೋಗಬಹುದು. ಒಂದು ಲೋಳೆ, ಇನ್ನೊಂದು ನೀರು. ನಮ್ಮಲ್ಲಿ ಎರಡನ್ನೂ ಸೇರಿಸಿ "ಏನೋ ಹೋಯ್ತಂತೆ" ಅಂದುಬಿಡ್ತಾರೆ. ಅಲ್ಲೇ ಎಡವಟ್ಟು ಆಗೋದು.

ಲೋಳೆ ಅಂದ್ರೆ ಗರ್ಭಕೋಶದ ಬಾಯಿಗೆ ಒಂಬತ್ತು ತಿಂಗಳು ಹಾಕಿದ್ದ ಬಿರಡೆ. ಬಾಯಿ ಮೆತ್ತಗಾಗಿ ಸ್ವಲ್ಪ ಸಡಿಲ ಆದಾಗ ಅದು ಕಳಚಿ ಬೀಳುತ್ತೆ. ಗಟ್ಟಿ ಸಿಂಬಳದ ಹಾಗೆ ಇರುತ್ತೆ, ಬಿಳಿ ಅಥವಾ ಹಳದಿ ಬಣ್ಣ, ಕೆಲವೊಮ್ಮೆ ಗುಲಾಬಿ, ಇಲ್ಲಾ ಕಂದು ಬಣ್ಣದ ರಕ್ತದ ಎಳೆ. ಒಂದೇ ಸಲ ಬೀಳಬಹುದು, ಚೂರು ಚೂರಾಗಿಯೂ ಹೋಗಬಹುದು, ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಬಿರಡೆ ಹೋದ್ರೂ ಅದರ ಹಿಂದೆ ನೀರಿನ ಚೀಲ ಭದ್ರವಾಗೇ ಇರುತ್ತೆ. ಹೆರಿಗೆ ಅದೇ ದಿನ ಆಗಬಹುದು, ಹದಿನೈದು ದಿನ ಬಿಟ್ಟೂ ಆಗಬಹುದು. 37 ವಾರ ತುಂಬಿದ್ದು, ಮಗು ಚೆನ್ನಾಗಿ ಆಡ್ತಾ ಇದ್ರೆ, ಬರೀ ಲೋಳೆ ಬಿತ್ತು ಅಂತ ರಾತ್ರೋರಾತ್ರಿ ಕಾರು ಮಾಡಿಕೊಂಡು ಓಡಬೇಕಾಗಿಲ್ಲ. ಇಲ್ಲಿ ಹಿರಿಯರ ಕಾನೂನು ಸರಿ.

ನೀರು ಹಾಗಲ್ಲ. ನೀರು ಹೋಯ್ತು ಅಂದ್ರೆ ಆ ಚೀಲವೇ ಒಡೆದಿದೆ, ಮಗುವಿಗೂ ಹೊರಗಿನ ಸೋಂಕಿಗೂ ನಡುವೆ ಇದ್ದ ಗೋಡೆ ಬಿದ್ದಿದೆ ಅಂತ. ಸಿನಿಮಾದಲ್ಲಿ ತೋರಿಸೋ ಹಾಗೆ ಭರ್ರಂತ ಸುರಿದು ಮರುಕ್ಷಣ ನೋವು ಬರಬೇಕು ಅಂತೇನಿಲ್ಲ. ಎಷ್ಟೋ ಸಲ ಸಣ್ಣಗೆ ಜಿನುಗುತ್ತೆ ಅಷ್ಟೇ. ದಿನ ತುಂಬಿದ 100 ಬಸುರಿಯರಲ್ಲಿ ಸುಮಾರು 8 ಜನಕ್ಕೆ ನೋವಿಗಿಂತ ಮೊದಲೇ ನೀರು ಹೋಗುತ್ತೆ. ಅವರಲ್ಲಿ ಹತ್ತಕ್ಕೆ ಆರು ಜನಕ್ಕೆ 24 ಗಂಟೆಯೊಳಗೆ ತಾನಾಗೇ ನೋವು ಶುರುವಾಗುತ್ತೆ. "ನಾವೂ ಕಾದಿದ್ವಿ, ಏನೂ ಆಗ್ಲಿಲ್ಲ" ಅಂತ ಅಜ್ಜಿಯರು ಹೇಳೋದು ಇದಕ್ಕೇ. ಹೆಚ್ಚಿನವರಿಗೆ ನಿಜವಾಗಿಯೂ ಏನೂ ಆಗಲ್ಲ. ಆದ್ರೆ ನೋವಿಲ್ಲದೆ ನೀರು ಹೋದಾಗ ಮಗುವಿಗೆ ಗಂಭೀರ ಸೋಂಕು ತಗಲೋ ಸಾಧ್ಯತೆ 200ಕ್ಕೆ ಒಂದು ಇದ್ದದ್ದು 100ಕ್ಕೆ ಒಂದು ಆಗುತ್ತೆ. ಆ ಒಂದು ಯಾರ ಮನೆಯದ್ದು ಅಂತ ಮೊದಲೇ ಹೇಳೋಕೆ ಆಗಲ್ವಲ್ಲ!

ನನಗೆ ಗೊತ್ತಿರೋ ಮನೆಯದೇ ಒಂದು ಉದಾಹರಣೆ. ಮೊದಲ ಬಸಿರು, 38 ವಾರ. ಸೋಮವಾರ ಬೆಳಿಗ್ಗೆ ರಕ್ತದ ಎಳೆ ಇದ್ದ ಲೋಳೆ ಬಿತ್ತು. ರಕ್ತ ಕಂಡಿದ್ದೇ ತಡ ಮನೆಯೆಲ್ಲಾ ಗಾಬರಿ, ಕಾರು ಮಾಡಿ ಹಾಸನಕ್ಕೆ ಓಡಿದ್ರು. ಡಾಕ್ಟರು ನೋಡಿ ಇನ್ನೂ ಟೈಮಿದೆ ಅಂತ ವಾಪಸ್ ಕಳಿಸಿದ್ರು. ಬುಧವಾರ ರಾತ್ರಿ ಹತ್ತಕ್ಕೆ ಲಂಗ ಒದ್ದೆ ಆಯ್ತು. ನೋವಿಲ್ಲ. "ಮೂತ್ರ ಇರ್ಬೇಕು ಬಿಡು, ಮೊನ್ನೆ ಹೋಗಿ ಸುಮ್ನೆ ಬಂದಿದ್ದು ಸಾಲದಾ, ನೋವು ಬರ್ಲಿ ತಡಿ ಮಗಾ" ಅಂದ್ರು ಅತ್ತೆ. ಬೆಳಗಿನವರೆಗೆ ಮೂರು ಬಟ್ಟೆ ಬದಲಾಯ್ತು. ಗುರುವಾರ ಸಂಜೆ ನಾಲ್ಕಕ್ಕೆ ಮೈ ಬಿಸಿಯಾದ ಮೇಲೆ ಹೊರಟ್ರು. ಅಷ್ಟೊತ್ತಿಗೆ 18 ಗಂಟೆ ಆಗಿತ್ತು, ತಾಯಿಗೆ ಜ್ವರ. ಮಗುವನ್ನ ಒಂದು ವಾರ ಬೇರೆ ವಾರ್ಡಿನಲ್ಲಿಟ್ಟು ಇಂಜೆಕ್ಷನ್ ಕೊಡಬೇಕಾಯ್ತು. ಇಬ್ಬರೂ ಉಳಿದುಕೊಂಡ್ರು, ಪುಣ್ಯ. ಲೆಕ್ಕ ಹಾಕಿ ನೋಡಿ: ಮನೇಲಿ ಇರಬೇಕಾದ ದಿನ ಓಡಿದ್ರು, ಓಡಬೇಕಾದ ರಾತ್ರಿ ಮನೇಲಿ ಕೂತ್ರು.

ಹಾಗಾದ್ರೆ ಒದ್ದೆ ಆಗಿದ್ದು ನೀರೋ ಮೂತ್ರವೋ ಅಂತ ತಿಳಿಯೋದು ಹೇಗೆ? ಮೊದಲು ಮೂತ್ರಕ್ಕೆ ಹೋಗಿ ಬರಬೇಕು. ಒಣಗಿದ ಶುದ್ಧ ಬಿಳಿ ಬಟ್ಟೆಯನ್ನೋ ಪ್ಯಾಡನ್ನೋ ಇಟ್ಟುಕೊಂಡು ಅರ್ಧ ಗಂಟೆ ಮಲಗಬೇಕು. ಎದ್ದು ನಿಂತಾಗ ಮತ್ತೆ ಹರಿದು ಬಟ್ಟೆ ನೆನೆದ್ರೆ ಅದು ನೀರೇ ಅನ್ಕೊಳ್ಳಿ. ಮೂತ್ರವನ್ನ ಬಿಗಿಹಿಡಿದು ನಿಲ್ಲಿಸಬಹುದು, ಇದನ್ನ ನಿಲ್ಲಿಸೋಕೆ ಆಗಲ್ಲ. ಮೂತ್ರದ ಘಾಟು ವಾಸನೆಯೂ ಇರಲ್ಲ. ಆ ಬಟ್ಟೆ ಎಸೀಬೇಡಿ, ಆಸ್ಪತ್ರೆಗೆ ತಗೊಂಡು ಹೋಗಿ ತೋರಿಸಿ. ಎಷ್ಟು ಗಂಟೆಗೆ ಶುರುವಾಯ್ತು ಅಂತ ಬರೆದಿಟ್ಟುಕೊಳ್ಳಿ, ಡಾಕ್ಟರು ಕೇಳೋ ಮೊದಲ ಪ್ರಶ್ನೆ ಅದೇ. ಯಾರೂ ಕೈ ಹಾಕಿ ನೋಡೋದು ಬೇಡ, ಕೈ ಹೋದಷ್ಟೂ ಸೋಂಕು ಒಳಗೆ ಹೋಗುತ್ತೆ. ಅರ್ಧ ಗಂಟೆ ಆದ್ಮೇಲೂ ಅನುಮಾನ ಇದ್ರೆ ಅದು ನೀರು ಅಂತಲೇ ತಿಳಿದು ಹೊರಡಿ.

ನೀರಿನ ಬಣ್ಣ ಹಸಿರೋ ಕಂದೋ ಇದ್ರೆ ಮಗು ಹೊಟ್ಟೆಯೊಳಗೇ ಕಕ್ಕ ಮಾಡಿಕೊಂಡಿದೆ ಅಂತ. ಅಂಥಾ ನೀರಿಗೆ, ಕೆಟ್ಟ ವಾಸನೆಗೆ, ಜ್ವರಕ್ಕೆ ಅರ್ಧ ಗಂಟೆಯ ಪರೀಕ್ಷೆಯೂ ಬೇಡ, ಹೊರಟುಬಿಡಿ. ಮಗು ಆಡೋದು ಕಮ್ಮಿ ಆದ್ರೆ, ಎಳೆಯಾಗಿ ಅಲ್ಲದೆ ಮುಟ್ಟಿನ ಹಾಗೆ ರಕ್ತ ಹರಿದ್ರೆ, 37 ವಾರಕ್ಕೆ ಮುಂಚೆ ನೀರೋ ಲೋಳೆಯೋ ಹೋದ್ರೆ, ಆಗಲೂ ಅಷ್ಟೇ. ಅಪರೂಪಕ್ಕೆ ನೀರಿನ ಜೊತೆ ಹೊಕ್ಕುಳ ಬಳ್ಳಿ ಜಾರಿ ಕೆಳಗೆ ಬರುತ್ತೆ. ಬಳ್ಳಿ ಕಂಡ್ರೆ ಒಳಗೆ ತಳ್ಳೋಕೆ ಹೋಗಬೇಡಿ. ಬಸುರಿ ಮೊಣಕಾಲು ಮೊಣಕೈ ಊರಿ ಸೊಂಟ ಮೇಲೆತ್ತಿಕೊಂಡಿರಲಿ, ಗಾಡಿಯಲ್ಲಿ ಸೊಂಟದ ಕೆಳಗೆ ದಿಂಬಿಟ್ಟು ಎಡಮಗ್ಗುಲಿಗೆ ಮಲಗಿಸಿ, ಫೋನ್ ಮಾಡಿ ಆಸ್ಪತ್ರೆಯವರಿಗೆ ಮೊದಲೇ ತಿಳಿಸಿ.

"ಬೇಗ ಹೋದ್ರೆ ಕುಯ್ದುಬಿಡ್ತಾರೆ" ಅನ್ನೋ ಭಯ ಹಿರಿಯರಿಗಿದೆ. ಅದನ್ನ ನಾನು ನಗೆಯಾಡಲ್ಲ. ಬರೀ ಲೋಳೆ ಬಿದ್ದಾಗ, ಸಣ್ಣಪುಟ್ಟ ನೋವಿದ್ದಾಗ ತೀರಾ ಮುಂಚೆ ಹೋಗಿ ಸೇರಿಕೊಳ್ಳೋದ್ರಿಂದ ಉಪಯೋಗ ಇಲ್ಲ. ಆದ್ರೆ ನೀರು ಹೋದ ಮೇಲೆ ಈ ವಾದ ನಿಲ್ಲಲ್ಲ. 1996ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಆರು ದೇಶಗಳ 5041 ಮಂದಿ ಇಂಥ ಬಸುರಿಯರಿದ್ರು. ಕೆಲವರಿಗೆ ಕೂಡಲೇ ನೋವು ಬರಿಸಿದ್ರು, ಕೆಲವರಿಗೆ ನಾಲ್ಕು ದಿನದವರೆಗೂ ಕಾಯೋಕೆ ಬಿಟ್ರು. ಸಿಸೇರಿಯನ್ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಡ್ರಿಪ್ ಹಾಕಿ ಬೇಗ ನೋವು ಬರಿಸಿದವರಲ್ಲಿ ತಾಯಿಗೆ ಸೋಂಕು ಮಾತ್ರ ಕಮ್ಮಿ. ಇನ್ನೊಂದು ಮಾತು, ಅಲ್ಲಿ ಕಾದವರೂ ಮೊದಲು ಆಸ್ಪತ್ರೆಯಲ್ಲಿ ತೋರಿಸಿಕೊಂಡು ಆಮೇಲೆ ಕಾದವರು. ಕಾಯಬೇಕೋ ಬೇಡವೋ ಅನ್ನೋದು ಮಗುವಿನ ಎದೆಬಡಿತ ನೋಡಿದ ಮೇಲೆ ಮಾಡೋ ತೀರ್ಮಾನ, ಜಗುಲಿ ಮೇಲೆ ಕೂತು ಮಾಡೋದಲ್ಲ.

ಇದೇನು ನನ್ನ ಹೊಸ ಸಂಶೋಧನೆಯಲ್ಲ. ನೋವಿಲ್ಲದೆ ನೀರು ಹೋಗೋದು ಸರ್ಕಾರ ಪ್ರತಿ ಬಸುರಿಗೂ ಕೊಡೋ ತಾಯಿ ಕಾರ್ಡಿನ ಅಪಾಯದ ಚಿಹ್ನೆಗಳ ಪಟ್ಟಿಯಲ್ಲೇ ಇದೆ. ನಾವು ಅದನ್ನ ತೂಕ, ಬಿಪಿ ಬರೆಸೋಕೆ ಅಂತ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಡ್ತೀವಿ, ಓದೋದಿಲ್ಲ ಅಷ್ಟೇ. ಗಾಡಿ ಇಲ್ಲ ಅನ್ನೋ ನೆಪವೂ ಈಗಿಲ್ಲ, 2008ರಿಂದ 108 ಇದೆ, ದುಡ್ಡಿಲ್ಲ. ನಮ್ಮೂರಿಂದ ಹಾಸನಕ್ಕೆ ಅರ್ಧ ಗಂಟೆ ದಾರಿ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಕಾನೂನನ್ನ ಲೋಳೆಗೆ ಇಟ್ಟುಕೊಳ್ಳಿ, ನೀರಿಗೆ ಬೇಡ. ಲೋಳೆ ಬಿದ್ರೆ ಬ್ಯಾಗು ರೆಡಿ ಮಾಡಿ ನೋವಿಗೆ ಕಾಯಿರಿ. ಚೊಚ್ಚಲಾದ್ರೆ ಐದೈದು ನಿಮಿಷಕ್ಕೊಂದು ನೋವು ಒಂದು ಗಂಟೆ ಹೊತ್ತು ಬಿಡದೇ ಬಂದಾಗ ಹೊರಡಿ, ಎರಡನೇದಾದ್ರೆ ಅಷ್ಟೂ ಕಾಯಬೇಡಿ. ನೀರು ಹೋದ್ರೆ ನೋವಿಗೆ ಕಾಯದೇ ಹೊರಡಿ.

ಬ್ಲಾಗ್ ಮಿತ್ರರೇ, ನಿಮ್ಮೂರ ಕಡೆ ಇದಕ್ಕೆ ಏನಂತಾರೆ, ಎಷ್ಟು ಕಾಯಿಸ್ತಾರೆ? ಕಾಮೆಂಟಿನಲ್ಲಿ ಬರೀರಿ. ಜಗಳಕ್ಕೂ ನಾನು ರೆಡಿ :)