ಅಂಕ ದಾಸೋಹ

ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ನಮ್ಮದು ಮಠದ ಆಡಳಿತದ ಕಾಲೇಜು. ಈ ಲೇಖನ ಬೇರೆ ಯಾರ ಮೇಲೂ ದೂರಲ್ಲ, ಮೊದಲನೆಯ ತಪ್ಪಿತಸ್ಥ ನಾನೇ.

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ನಮ್ಮ ರಾಜ್ಯಕ್ಕೆ ಬಂತು. ಒಂದು ಪತ್ರಿಕೆಯ ನೂರು ಅಂಕಗಳಲ್ಲಿ ಅರವತ್ತು ವಿಶ್ವವಿದ್ಯಾಲಯದ ಪರೀಕ್ಷೆಗೆ, ನಲವತ್ತು ಕಾಲೇಜಿನ ಕೈಗೆ. ಇದನ್ನೇ ಆಂತರಿಕ ಅಂಕ ಎನ್ನುತ್ತೇವೆ. ಎರಡು ಕಿರುಪರೀಕ್ಷೆ, ಒಂದು ಸೆಮಿನಾರು, ಒಂದು ನಿಯೋಜಿತ ಬರಹ ನೋಡಿ ಕೊಡಬೇಕಾದದ್ದು. ವರ್ಷವಿಡೀ ಕಲಿತದ್ದನ್ನು ಮೂರು ಗಂಟೆಯ ಪರೀಕ್ಷೆಯೊಂದೇ ಅಳೆಯಬಾರದು ಎಂಬ ಉದ್ದೇಶ ಒಳ್ಳೆಯದೇ.

ಆದದ್ದೇನು? ನಾನು ವಿಭಾಗದ ಮುಖ್ಯಸ್ಥನಾಗಿದ್ದಾಗ ಒಂದು ಸೆಮಿಸ್ಟರಿನ ಅಂಕಪಟ್ಟಿ ಸಹಿಗೆ ಬಂತು. ಅರವತ್ತನಾಲ್ಕು ಮಕ್ಕಳು, ಎಲ್ಲರಿಗೂ 35ರಿಂದ 39ರೊಳಗೆ. ಎರಡನೆಯ ಕಿರುಪರೀಕ್ಷೆ ನಡೆದೇ ಇರಲಿಲ್ಲ. ತರಗತಿಗೆ ಬಾರದೆ ಊರಲ್ಲಿದ್ದ ಹುಡುಗನಿಗೂ 35. ಅಂಕ ತುಂಬುವ ಪೋರ್ಟಲು ಮರುದಿನ ಮುಚ್ಚುತ್ತದೆ ಎಂದರು. ಸಹಿ ಹಾಕಿದೆ.

ಆ ಸಹಿ ಏನು ಮಾಡಿತೆಂದು ಲೆಕ್ಕ ಹಾಕಿ ನೋಡಿ. ಬರವಣಿಗೆಯ ಪರೀಕ್ಷೆಯಲ್ಲಿ ಒಬ್ಬನಿಗೆ ಅರವತ್ತಕ್ಕೆ 22 ಬಂದಿದೆ, ಅಂದರೆ ನೂರಕ್ಕೆ ಸುಮಾರು 37ರ ಮಟ್ಟ. ಅವನ ಆಂತರಿಕವೂ ಅದೇ ಮಟ್ಟದ್ದಾಗಿದ್ದರೆ ನಲವತ್ತಕ್ಕೆ 15 ಬರುತ್ತಿತ್ತು. ಒಟ್ಟು 37. ಪಾಸಾಗಲು ನಮ್ಮಲ್ಲಿ 40 ಬೇಕು, ಆದ್ದರಿಂದ ಫೇಲು. ನಾವು ಕೊಟ್ಟದ್ದು 38. ಒಟ್ಟು 60, ಪ್ರಥಮ ದರ್ಜೆ! ಅದೇ ತರಗತಿಯ ಒಬ್ಬ ಹುಡುಗಿ ರಾತ್ರಿಯೆಲ್ಲ ಓದಿ ಅರವತ್ತಕ್ಕೆ 48 ತಂದಳು. ಅವಳ ಆಂತರಿಕ 39, ಒಟ್ಟು 87. ಪ್ರಾಮಾಣಿಕವಾಗಿ ಅಳೆದಿದ್ದರೆ ಅವಳಿಗೆ 80, ಅವನಿಗೆ 37. ಇಬ್ಬರ ನಡುವೆ 43 ಅಂಕಗಳ ಅಂತರವಿತ್ತು. ನಾವು ಅದನ್ನು 27ಕ್ಕೆ ಇಳಿಸಿದೆವು. ನಲವತ್ತು ಅಂಕ ಯಾರನ್ನೂ ಅಳೆಯಲಿಲ್ಲ, ಎಲ್ಲರನ್ನೂ ಒಂದೇ ಮಣೆಯ ಮೇಲೆ ಎತ್ತಿ ಕೂರಿಸಿತು ಅಷ್ಟೆ.

ಯಾಕೆ ಹೀಗೆ? ಫಲಿತಾಂಶ ಕುಸಿದರೆ ಮುಂದಿನ ವರ್ಷ ಪ್ರವೇಶ ಕುಸಿಯುತ್ತದೆ. ನ್ಯಾಕ್ ತಂಡ ಕೇಳುವ ಅಂಕಿಅಂಶಗಳಲ್ಲಿ ಉತ್ತೀರ್ಣರ ಪ್ರಮಾಣವೂ ಒಂದು. ಅಂಕ ಹಾಕುವವರಲ್ಲಿ ಬಹಳ ಮಂದಿ ಅತಿಥಿ ಉಪನ್ಯಾಸಕರು. ಮುಂದಿನ ಜೂನಿನಲ್ಲಿ ಕರೆಯುತ್ತಾರೋ ಇಲ್ಲವೋ ಎಂಬ ಭಯದಲ್ಲಿರುವವನಿಗೆ ಹನ್ನೆರಡು ಅಂಕ ಹಾಕುವ ಧೈರ್ಯ ಎಲ್ಲಿಂದ ಬರಬೇಕು? ಅವನನ್ನು ಬೈಯುವುದು ಸುಲಭ. ಅವನ ಕೈ ಹಿಡಿದು ಬರೆಸಿದವರು ನಾವು, ಆಡಳಿತ ಮಂಡಳಿಯವರು ಮತ್ತು ನನ್ನಂಥ ಹಿರಿಯರು.

ಒಮ್ಮೆ ಸಭೆಯಲ್ಲಿ ನಾನು ಈ ಮಾತೆತ್ತಿದಾಗ ಹಿರಿಯರೊಬ್ಬರು, ‘ಹಳ್ಳಿಯ ಬಡ ಮಕ್ಕಳು ಸರ್, ಇದೂ ಒಂದು ದಾಸೋಹ ಅಂದುಕೊಳ್ಳಿ’ ಎಂದರು. ಅಂದು ಸುಮ್ಮನಿದ್ದೆ. ಇಂದು ಉತ್ತರ ಕೊಡುತ್ತೇನೆ. ದಾಸೋಹ ಎಂದರೆ ನಾವು ಕಾಯಕದಿಂದ ಗಳಿಸಿದ್ದನ್ನು ಹಂಚುವುದು. ಅಂಕ ನಮ್ಮ ಗಳಿಕೆಯಲ್ಲ. ಆ ಹುಡುಗಿ ದುಡಿದು ತಂದದ್ದರ ಬೆಲೆಯನ್ನು ಇಳಿಸಿ ನಾವು ದಾನಿಗಳಾದೆವು.

ಬಡ ಮಕ್ಕಳಿಗೆ ಅದರಿಂದ ಆದದ್ದಾದರೂ ಏನು? ಪದವಿಯ ಅಂಕವನ್ನು ಈಗ ಯಾರೂ ನಂಬುತ್ತಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳು 2022ರಿಂದ ಸ್ನಾತಕೋತ್ತರ ಪ್ರವೇಶಕ್ಕೂ ಸಾಮಾನ್ಯ ಪರೀಕ್ಷೆ ಇಟ್ಟಿವೆ. ಕಂಪನಿಗಳು ತಾವೇ ಪರೀಕ್ಷೆ ಮಾಡಿಕೊಳ್ಳುತ್ತವೆ. ಆ ಪರೀಕ್ಷೆಗಳಿಗೆ ತರಬೇತಿ ಬೇಕು, ತರಬೇತಿಗೆ ಹಣ ಬೇಕು. ಧಾರವಾಡದಲ್ಲೋ ಬೆಂಗಳೂರಿನಲ್ಲೋ ರೂಮು ಮಾಡಿ ಮಗನನ್ನು ಓದಿಸಬಲ್ಲ ಸಾಹುಕಾರನಿಗೆ ಅಂಕಪಟ್ಟಿ ಬೆಲೆ ಕಳೆದುಕೊಂಡರೆ ನಷ್ಟವಿಲ್ಲ. ಅಂಕಪಟ್ಟಿಯೊಂದನ್ನೇ ಕೈಯಲ್ಲಿ ಹಿಡಿದು ಬಂದ ಕೂಲಿಕಾರನ ಮಗಳಿಗೆ ಬೇರೇನಿದೆ?

ಫೇಲು ಮಾಡಿ ಎಂದು ನಾನು ಹೇಳುತ್ತಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಹನ್ನೆರಡು ಬಂದವನಿಗೆ ಹನ್ನೆರಡೇ ಹಾಕಿದರೆ ಅವನು ಸೋತಿದ್ದಾನೆಂದು ಆಗಸ್ಟಿನಲ್ಲೇ ಗೊತ್ತಾಗುತ್ತದೆ, ಸಂಜೆ ಕೂರಿಸಿ ಹೇಳಿಕೊಡಲು ಕಾಲವಿರುತ್ತದೆ. 38 ಹಾಕಿದರೆ ಗೊತ್ತಾಗುವುದು ಪದವಿ ಮುಗಿಸಿ ಕೆಲಸಕ್ಕೆ ಹೋದ ಮೇಲೆ.

2024ರ ಹೊಸ ಪಠ್ಯಕ್ರಮದಲ್ಲಿ ಆಂತರಿಕ ಅಂಕ 20ಕ್ಕೆ ಇಳಿದಿದೆ. ರೋಗ ಹೋಗಿಲ್ಲ, ಇಪ್ಪತ್ತಕ್ಕೆ 19 ಹಾಕುತ್ತಿದ್ದಾರೆ. ಕಂಡುಹಿಡಿಯಲು ತಜ್ಞರು ಬೇಡ. ಮಠಗಳ ವಿದ್ಯಾಸಂಸ್ಥೆಗಳ ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೇ: ತಮ್ಮ ಕಾಲೇಜಿನ ಒಂದು ತರಗತಿಯ ಪಟ್ಟಿ ತರಿಸಿ, ಆಂತರಿಕ ಅಂಕದ ಸಾಲನ್ನೂ ಪರೀಕ್ಷೆಯ ಅಂಕದ ಸಾಲನ್ನೂ ಅಕ್ಕಪಕ್ಕ ಇಟ್ಟು ನೋಡಿ. ಪರೀಕ್ಷೆಯ ಸಾಲು ಏರಿಳಿಯುತ್ತ ಹೋಗಿ ಆಂತರಿಕದ ಸಾಲು ಮಟ್ಟವಾಗಿದ್ದರೆ, ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ತರಲು ಹೇಳಿ. ನಮ್ಮ ಕಾಲೇಜಿನಲ್ಲಿ ಆ ಕಟ್ಟು ಇರಲಿಲ್ಲ.