ಕುಸುಬಿ ಎಣ್ಣಿ ಲಾಭ, ಹೆಸರಬ್ಯಾಳಿ ಲಾಭ: ಯಾವುದನ್ನ ಹಿಡಿಯೋದು, ಯಾವುದನ್ನ ಬಿಡೋದು

ನಮ್ಮ ಯರಗುಪ್ಪಿ ಸುತ್ತ ಈಗ ಭಾಳ ಮಂದಿ ಮನಿಯಾಗ ಬ್ಯಾಳಿ, ಖಾರಪುಡಿ, ಚಟ್ನಿ ಮಾಡಿ ಹುಬ್ಬಳ್ಳಿಗೆ ಒಯ್ದು ಮಾರಾಕ ಹತ್ತೀವಿ. ಒಳ್ಳೇದಾತು. ಆದರ ಸಭೆಗೆ ಬರೋ ಸಾಹೇಬ್ರು ಎಲ್ಲಾರೂ ಒಂದ ಮಾತು ಹೇಳ್ತಾರ: "ಲಾಭ ಜಾಸ್ತಿ ಇರೋ ಮಾಲು ಮಾಡ್ರಿ." ಈ ಮಾತು ಅರ್ಧ ಖರೆ. ಆ ಉಳಿದ ಅರ್ಧ ಗೊತ್ತಿಲ್ಲದ ನಾನು ಒಂದು ವರ್ಷ ರೊಕ್ಕ ಕಟ್ಟಿಹಾಕಿಕೊಂಡು ಕುಂತಿದ್ದೆ. ಅದರ ಲೆಕ್ಕ ಇಲ್ಲಿ ಬರದೀನಿ, ನಿಮ್ಮ ಮಾಲಿಗೆ ನೀವು ಹಾಕಿ ನೋಡ್ರಿ.

ನನ್ನ ಚೀಲದಾಗ ಆರು ಥರ ಮಾಲು ಇದ್ದವು. ಅದರಾಗ ನನಗೆ ಭಾಳ ಪ್ರೀತಿ ಇದ್ದದ್ದು ಗಾಣದ ಕುಸುಬಿ ಎಣ್ಣಿ. ಒಂದು ಲೀಟರಿಗೆ ನಾಲ್ಕು ಕಿಲೋ ಕುಸುಬಿ ಬೇಕು. ಕಿಲೋಗೆ 60ರಂಗ 240 ಆತು. ಹಿಂಡಿ ಗಾಣದವರಿಗೇ ಬಿಟ್ಟಿದ್ದಕ್ಕ ಕೂಲಿ ಕೊಡಲಿಲ್ಲ. ಬೀಜ ಹಸನ ಮಾಡೋದು, ಬಾಟಲಿ, ಸಾಗಾಟ ಸೇರಿ 60. ಒಟ್ಟು ಖರ್ಚು 300, ಮಾರಿದ್ದು 380ಕ್ಕ. ಲೀಟರಿಗೆ 80 ರೂಪಾಯಿ ಲಾಭ! ಹೆಸರಬ್ಯಾಳಿ ನೋಡಿದರ ಕಿಲೋಗೆ ಬರೀ 12 ರೂಪಾಯಿ. ಹಂಗಾಗಿ ಎಣ್ಣಿ ಬಾಟಲಿ ಮುಂದ ಇಡತಿದ್ದೆ, ಬ್ಯಾಳಿ ಪಾಕೀಟು ಹಿಂದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಹೊಲದಾಗ ಬೆಳದ ಕಾಳು ಪುಕ್ಕಟ ಅಂತ ತಿಳಿಯೋ ಚಟ ನಮಗೆಲ್ಲಾ ಐತಿ. ಅದು ತಪ್ಪು. ಗಿರಣಿಗೆ ಹಾಕೋ ದಿನ ಎಪಿಎಂಸಿಯೊಳಗ ಆ ಕಾಳಿಗೆ ಏನು ರೇಟು ಐತಿ, ಅದನ್ನ ಖರ್ಚಿಗೆ ಹಿಡೀಬೇಕು. ಇಲ್ಲಾಂದ್ರ ಬೆಳದದ್ದರ ಲಾಭ, ಮಾರಿದ್ದರ ಲಾಭ ಎರಡೂ ಕಲಸಿ ಎಲ್ಲಾ ಮಾಲೂ ಲಾಭದಾಗ ಐತಿ ಅಂತ ಕಾಣತೈತಿ. ನನ್ನ ಬ್ಯಾಳಿ ಲೆಕ್ಕ ಹಿಂಗ: ಒಂದು ಕಿಲೋ ಬ್ಯಾಳಿಗೆ ಸುಮಾರು 1.35 ಕಿಲೋ ಹೆಸರು ಬೇಕು, 80ರಂಗ 108. ಗಿರಣಿ, ಪಾಕೀಟು ಸೇರಿ ಇನ್ನ 10. ಒಟ್ಟು 118, ಮಾರೋದು 130ಕ್ಕ.

ಈಗ ಮಾರಾಟದ ಓಟ ನೋಡ್ರಿ. ಎಣ್ಣಿ ಒಮ್ಮೆಲೆ 40 ಲೀಟರ್ ತಗಸಿದ್ದೆ. ತಿಂಗಳಿಗೆ ನಾಲ್ಕು ಲೀಟರ್ ಹೋಗತಿತ್ತು. ಎಂಟು ತಿಂಗಳಿಗೆ 32 ಲೀಟರ್ ಮುಗೀತು, ಉಳಿದ 8 ಲೀಟರಿಗೆ ಕಮಟು ವಾಸನಿ ಬಂತು. ಕುಸುಬಿ ಎಣ್ಣಿ ಶೇಂಗಾ ಎಣ್ಣಿಗಿಂತ ಲಗೂನ ಕೆಡತೈತಿ, ಅದೂ ಬಿಳಿ ಬಾಟಲಿಯೊಳಗ ಬೆಳಕಿಗೆ ಇಟ್ಟರಂತೂ ಕೇಳಬ್ಯಾಡ್ರಿ. 32 ಲೀಟರಿಗೆ ಬಂದ ಲಾಭ 2,560. ಕೆಟ್ಟ 8 ಲೀಟರಿನ ಖರ್ಚು 2,400. ಎಂಟು ತಿಂಗಳ ದುಡಿಮಿ ಒಟ್ಟು 160 ರೂಪಾಯಿ. ನಮ್ಮವ್ವ ದಿನಾ ಕೇಳತಿದ್ಲು, "ಎಣ್ಣಿ ಮಾರೀದಿ, ರೊಕ್ಕ ಎಲ್ಲೈತೋ?" ಅಂತ. ರೊಕ್ಕ ಬಾಟಲಿಯೊಳಗ ಕುಂತಿತ್ತು.

ಕೆಡದಿದ್ದರೂ ಲೆಕ್ಕ ಅಷ್ಟಕ್ಕಷ್ಟ. ಮೊದಲ 40 ಲೀಟರ್, ಕಡೀಗೆ 8 ಲೀಟರ್, ಅಂದ್ರ ಸರಾಸರಿ 24 ಲೀಟರ್ ಮನಿಯಾಗ ಇತ್ತು. 300ರಂಗ 7,200 ರೂಪಾಯಿ ಕಟ್ಟಿಬಿದ್ದಿತ್ತು. ತಿಂಗಳಿಗೆ ಬಂದದ್ದು 320. ನೂರು ರೂಪಾಯಿ ಹಾಕಿದ್ದಕ್ಕ ತಿಂಗಳಿಗೆ ನಾಲ್ಕೂವರಿನೂ ಇಲ್ಲ.

ಬ್ಯಾಳಿ ಹದಿನೈದು ದಿನಕ್ಕೊಮ್ಮೆ 60 ಕಿಲೋ ಒಡಸತೀನಿ. ವಾರಕ್ಕ 30 ಕಿಲೋ ಹೋಗತೈತಿ. ಸರಾಸರಿ 30 ಕಿಲೋ ಮನಿಯಾಗ, 118ರಂಗ 3,540 ರೂಪಾಯಿ. ತಿಂಗಳಿಗೆ 120 ಕಿಲೋ ಮಾರಿದರ ಲಾಭ 1,440. ನೂರಕ್ಕ ತಿಂಗಳಿಗೆ 40 ರೂಪಾಯಿ! ಎಣ್ಣಿಗಿಂತ ಅರ್ಧ ಬಂಡವಾಳ, ನಾಲ್ಕೂವರಿ ಪಟ್ಟು ಲಾಭ. ಒಡಿಸೋ ತನಕ ಚೀಲದಾಗ ಇಟ್ಟ ಕಾಳೂ ಕಟ್ಟಿದ ರೊಕ್ಕಾನ ಅಂತ ನೆನಪಿರಲಿ. ಅದಕ್ಕ ನಾನೀಗ ರಾಶಿ ಆದ ಮ್ಯಾಲ ಬ್ಯಾಳಿಗೆ ಬೇಕಾದಷ್ಟ ಇಟ್ಟುಕೊಂಡು ಉಳಿದದ್ದು ಮಾರತೀನಿ. ಹೆಚ್ಚು ಇಟ್ಟರ ಹುಳ ಹಿಡಿಯೋದು ಬ್ಯಾರೆ.

1982ರಾಗ ಅಮೆರಿಕದ ಕಸವಾನ ಮತ್ತ ಸ್ಮಿತ್ ಅನ್ನೋ ಇಬ್ಬರು ಹೋಟೆಲ್ ಊಟದ ಪಟ್ಟಿಯನ್ನ ಹಿಂಗ ಲಾಭ, ಮಾರಾಟ ಎರಡೂ ನೋಡಿ ನಾಲ್ಕು ಗುಂಪು ಮಾಡಿದರು. ಲಾಭ ಕಡಿಮಿ, ಮಾರಾಟ ಜೋರು ಇರೋ ಗುಂಪಿಗೆ ಅವರು ಇಟ್ಟ ಹೆಸರು ನೇಗಿಲಿನ ಕುದುರಿ. ನಮ್ಮ ಕಡೆ ಅಂದ್ರ ಗಳೇದ ಎತ್ತು. ಹೆಸರಬ್ಯಾಳಿ ನನಗ ಗಳೇದ ಎತ್ತು. ಅದಕ್ಕ ಗೆಜ್ಜಿ ಕಟ್ಟಂಗಿಲ್ಲ, ಆದರ ಹೊಲ ಹೂಡೋದು ಅದ.

ಆದರ ಈ ನೂರಕ್ಕ ಇಷ್ಟು ಅನ್ನೋ ಲೆಕ್ಕನೂ ಕಣ್ಣುಮುಚ್ಚಿ ನಂಬಬ್ಯಾಡ್ರಿ. ಖಡಕ್ ರೊಟ್ಟಿ ನೋಡ್ರಿ. ಹತ್ತು ರೊಟ್ಟಿ ಪಾಕೀಟಿಗೆ ಹಿಟ್ಟು, ಬಡಿಯೋರ ಕೂಲಿ, ಉರುವಲು ಸೇರಿ 50 ರೂಪಾಯಿ ಖರ್ಚು, 60ಕ್ಕ ಮಾರಾಟ. ವಾರಕ್ಕ 60 ಪಾಕೀಟು ಮಾಡಿ ವಾರದಾಗ ಮುಗಸತೀವಿ. ಕಟ್ಟಿದ ರೊಕ್ಕ ಸರಾಸರಿ 1,500, ತಿಂಗಳ ಲಾಭ 2,400. ನೂರಕ್ಕ 160! ಹಂಗಂದ್ರ ಎಲ್ಲಾ ಬಿಟ್ಟು ರೊಟ್ಟಿನ ಮಾಡಬೇಕಲ್ಲ? ಆಗಂಗಿಲ್ಲ. 600 ರೊಟ್ಟಿಗೆ ಇಬ್ಬರು ಅಕ್ಕಾರು ಮೂರು ದಿನ ಒಲಿ ಮುಂದ ಕುಂದರಬೇಕು. ಹೆಸರು ಬಿಡಿಸೋ ಹೊತ್ತಿಗೆ, ಮೆಣಸಿನಕಾಯಿ ಬಿಡಿಸೋ ಹೊತ್ತಿಗೆ ಅವರು ಸಿಗಂಗಿಲ್ಲ. ಅಲ್ಲಿ ಕೊರತಿ ರೊಕ್ಕದ್ದಲ್ಲ, ಕೈದು. ಯಾವುದು ಕೊರತಿ ಐತೋ ಅದರ ಮ್ಯಾಲ ಲಾಭ ಭಾಗಿಸಬೇಕು: ರೊಕ್ಕ ಇಲ್ಲಂದ್ರ ನೂರು ರೂಪಾಯಿಗೆ ಎಷ್ಟು, ಕೈ ಇಲ್ಲಂದ್ರ ಒಂದು ದಿನದ ಆಳಿಗೆ ಎಷ್ಟು, ಬಸ್ಸಿನ ಮ್ಯಾಲ ಒಯ್ಯೋರಾದರ ಒಂದು ಚೀಲಕ್ಕ ಎಷ್ಟು.

ಬಿಡೋ ಮುಂದ ಇನ್ನೊಂದು ನೋಡಬೇಕು. ಗುರೆಳ್ಳು ಚಟ್ನಿ ಒಂದ ವಾರ ಹೋಗತಿತ್ತು, ಮುಂದಿನ ಎರಡು ವಾರ ಸೊನ್ನೆ. ನಿಧಾನದ ಮಾಲು ಅಂತ ಬಿಡೋದಕ್ಕ ತಯಾರಾಗಿದ್ದೆ. ವಹಿ ತಗದು ನೋಡಿದರ, ಆ ಎರಡು ವಾರ ನಾನು ಚಟ್ನಿನ ಒಯ್ದಿರಲಿಲ್ಲ! ಮಾಲು ಇಲ್ಲದ ದಿನ, ಮಾಲು ಇದ್ದೂ ಹೋಗದ ದಿನ ಬ್ಯಾರೆ ಬ್ಯಾರೆ ಬರೀಬೇಕು. ಆಮ್ಯಾಲ ನಾಲ್ಕು ರವಿವಾರ ಯಾರು ಯಾವ್ಯಾವ ಮಾಲು ಕೂಡಿಸಿ ಒಯ್ತಾರ ಅಂತ ಬರದೆ. ಚಟ್ನಿ ಒಯ್ದವರು ಹೆಚ್ಚು ಕಡಿಮಿ ಎಲ್ಲಾರೂ ರೊಟ್ಟಿ ಒಯ್ದಿದ್ದರು. ಚಟ್ನಿ ಬಿಟ್ಟಿದ್ದರ ರೊಟ್ಟಿಗೂ ಪೆಟ್ಟು ಬೀಳತಿತ್ತು. ಎಣ್ಣಿ ಒಯ್ಯೋರು ಮಾತ್ರ ಅದನ್ನ ಒಂದ ಒಯ್ದು ಹೋಗೋರು.

ಹಂಗಾಗಿ ಎಣ್ಣಿ ಬಿಟ್ಟೆ. ಪೂರ್ತಿ ಬಿಟ್ಟಿಲ್ಲ ಅನ್ರಿ, ಮುಂಗಡ ಕೊಟ್ಟವರಿಗೆ ಹತ್ತು ಲೀಟರ್ ಕೂಡಿದ ಮ್ಯಾಲ ಗಾಣಕ್ಕ ಹೋಗತೀನಿ. ಖಾರಪುಡಿನೂ ಹಂಗ. ಬ್ಯಾಸಿಗಿಯೊಳಗ ಮನಿ ಮಂದಿ ವರ್ಷದ ಖಾರ ಕುಟ್ಟಿಸೋ ಹೊತ್ತಿಗೆ ಬುಕಿಂಗ್ ತಗೊಂಡು ಇಡೀ ಕಾಯಿ ಕೊಡತೀನಿ, ಪುಡಿ ಮಾಡಿ ಇಟ್ಟರ ಬಣ್ಣ ಇಳೀತೈತಿ. ಎಣ್ಣಿಯಿಂದ ಬಿಡುಗಡೆ ಆದ ರೊಕ್ಕದಾಗ ಬ್ಯಾಳಿ ಜೋಡಿ ಕಡ್ಲಿಬ್ಯಾಳಿ ಶುರು ಮಾಡೀನಿ.

ಶಾವಿಗಿ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಹಬ್ಬದ ಮುಂದ ಒಂದು ತಿಂಗಳು ಓಡತೈತಿ, ಉಳಿದ ದಿನ ಡಬ್ಬಿಯೊಳಗ ಕುಂದರತೈತಿ. ವರ್ಷದ ಸರಾಸರಿ ಹಿಡಿದರ ಬಿಡಬೇಕು, ಹಬ್ಬದ ತಿಂಗಳದ್ದು ಹಿಡಿದರ ಎಲ್ಲಾದಕ್ಕಿಂತ ಮ್ಯಾಲ. ಯುಗಾದಿಗೆ ಮೂರು ವಾರ ಮೊದಲ 15 ಕಿಲೋ ಹೊಸಿಸಿ, ಹಬ್ಬದ ಮರುದಿನ ಎಷ್ಟು ಉಳೀತು ಅಂತ ಇಲ್ಲೇ ಬರೀತೀನಿ.